ಕಳೆದದ್ದೆಷ್ಟು, ಉಳಿದದ್ದೆಷ್ಟು

ವ್ಯವಹಾರದ ಪತ್ರಗಳಲ್ಲಿ ನನಗೆ ತುಂಬ ಹಿಡಿಸುವುದು ಗುತ್ತಿಗೆದಾರ ತನ್ನದೇ ಅಳತೆಯನ್ನು ತಿದ್ದಿ ಯಜಮಾನರಿಗೆ ಬರೆಯುವ ಪತ್ರ. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಲ್ಲಿ ಒಬ್ಬರು ಕೆಳಗೆ ಗೋದಾಮು, ಮೇಲೆ ಕೊಬ್ಬರಿ ಅಟ್ಟ ಕಟ್ಟಿಸುತ್ತಿದ್ದಾರೆ ಎಂದುಕೊಳ್ಳಿ. ಮುಂಭಾಗದ ಗೋಡೆ 30 ಅಡಿ ಉದ್ದ, 12 ಅಡಿ ಎತ್ತರ. ಎರಡೂ ಮುಖಕ್ಕೆ ಒಂದೇ ಬಗೆಯ ಪ್ಲಾಸ್ಟರಿಂಗ್, ಒಟ್ಟು 720 ಚದರಡಿ. ಅದರಲ್ಲಿ 10ಕ್ಕೆ 8 ಅಡಿಯ ಒಂದು ಶಟರ್, 4ಕ್ಕೆ 4ರ ಒಂದು ಕಿಟಕಿ, ತಲಾ 3 ಚದರಡಿಯ ಎರಡು ಗವಾಕ್ಷಿ. ರನ್ನಿಂಗ್ ಬಿಲ್ಲಿನಲ್ಲಿ ಗುತ್ತಿಗೆದಾರ ಬರೆದದ್ದು 624. ಯಜಮಾನರು ತೂತುಗಳನ್ನೆಲ್ಲ ಎರಡೂ ಕಡೆ ಕಳೆದು 516 ಎನ್ನುತ್ತಾರೆ.

‘ನಾವು ಸರಿಯಾಗಿಯೇ ಅಳೆದಿದ್ದೇವೆ’ ಎಂದು ಬರೆದರೆ ಜಗಳ ಬೆಳೆಯುತ್ತದೆ. ಯಾವ ನಿಯಮದಂತೆ ಕಳೆದೆವು ಎಂದು ಮೊದಲು ಹೇಳಬೇಕು. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಹಿಡಿಯಬಹುದಾದದ್ದು ಐಎಸ್ 1200ರ 12ನೇ ಭಾಗ. ಅರ್ಧ ಚದರ ಮೀಟರ್, ಅಂದರೆ ಸುಮಾರು 5.4 ಚದರಡಿಯವರೆಗಿನ ತೂತನ್ನು ಕಳೆಯುವಂತಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ, ಅಂದರೆ ಸುಮಾರು 32 ಚದರಡಿಯವರೆಗೆ, ಒಂದೇ ಮುಖದಲ್ಲಿ ಕಳೆಯಬೇಕು. ಒಳಬದಿಗಳಿಗೆ ಬಳಿದ ಗಾರೆಗೆ ಬೇರೆ ದುಡ್ಡಿಲ್ಲ. ಅದಕ್ಕೂ ದೊಡ್ಡದಾದರೆ ಎರಡೂ ಮುಖದಲ್ಲಿ ಕಳೆದು, ಒಳಬದಿಗಳನ್ನು ಅಳೆದು ಸೇರಿಸಬೇಕು.

ಹಾಗಾಗಿ ನಮ್ಮ ಗುತ್ತಿಗೆದಾರ ಬರೆಯಬೇಕಾದದ್ದು ಹೀಗೆ:

‘ಯಜಮಾನರಿಗೆ ನಮಸ್ಕಾರಗಳು. ಶಟರಿನ ಜಾಗವನ್ನು ನಾನು ಒಂದೇ ಮುಖದಲ್ಲಿ ಕಳೆದದ್ದು ತಪ್ಪು. ಎರಡೂ ಮುಖ ಸೇರಿ 160 ಚದರಡಿ ಕಳೆಯಬೇಕು. ಅದರ ಎರಡು ಬದಿ ಮತ್ತು ತಲೆಯ ಒಳಮೈ ಸೇರಿ 26 ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಆ 19.5 ಚದರಡಿ ಸೇರುತ್ತದೆ. ಕಿಟಕಿಗೆ 16 ಮಾತ್ರ ಕಳೆಯಬೇಕು. ಗವಾಕ್ಷಿಗಳಿಗೆ ಕಳೆಯುವುದಿಲ್ಲ. ಉಳಿಯುವುದು 563.5. ನಾನು ಹೆಚ್ಚಾಗಿ ಬರೆದದ್ದು 60.5 ಚದರಡಿ, ಚದರಡಿಗೆ 40 ರೂಪಾಯಿಯಂತೆ 2,420 ರೂಪಾಯಿ. ತಮ್ಮ ಲೆಕ್ಕಕ್ಕಿಂತ ನನ್ನದು ಇನ್ನೂ 47.5 ಹೆಚ್ಚಿದೆ. ಒಳಬದಿಯ 19.5, ಕಿಟಕಿಯ ಇನ್ನೊಂದು ಮುಖದ 16, ಗವಾಕ್ಷಿಗಳ 12, ಇವೇ ಆ ವ್ಯತ್ಯಾಸ.’

ಈ ಕೊನೆಯ ವಾಕ್ಯವೇ ಪತ್ರದ ಜೀವ. ತನ್ನ ಲೆಕ್ಕ ಸರಿ ಎಂದಷ್ಟೇ ಹೇಳದೆ, ಎದುರಿನವರ ಅಂಕಿಯಿಂದ ತನ್ನ ಅಂಕಿಯವರೆಗೆ ಒಂದೊಂದಾಗಿ ನಡೆಸಿಕೊಂಡು ಬರುತ್ತದೆ. ಯಜಮಾನರು ಇನ್ನೂ ಒಪ್ಪದಿದ್ದರೂ ಯಾವುದನ್ನು ಒಪ್ಪುವುದಿಲ್ಲ ಎಂದು ಬೆರಳಿಟ್ಟು ತೋರಿಸಬಹುದು.

ಜಂಟಿ ಅಳತೆಗೆ ದಿನ ಗೊತ್ತುಮಾಡುವುದೂ ಇದೇ ಪತ್ರದಲ್ಲಿ ಆಗಬೇಕು. ನಮ್ಮ ಸೀಮೆಯಲ್ಲಿ ಇದು ತುರ್ತಿನ ಮಾತು. ಉಂಡೆ ಕೊಬ್ಬರಿಗೆಂದು ಸಿಪ್ಪೆಸಮೇತ ಕಾಯಿಯನ್ನು ಅಟ್ಟಕ್ಕೇರಿಸಿದರೆ ಅವು ವರ್ಷದ ಹತ್ತಿರ ಅಲ್ಲೇ ಇರುತ್ತವೆ; ಗೋಡೆಗೆ ಟೇಪು ಹಿಡಿಯಲು ಜಾಗ ಸಿಗದು.

ತಿದ್ದುವಾಗ ಅಳತೆ ಪುಸ್ತಕದ 624ನ್ನು ಅಳಿಸಬಾರದು. ಓದುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ 563.5 ಬರೆದು, ಇಬ್ಬರೂ ತಾರೀಖಿನೊಂದಿಗೆ ಸಹಿ ಹಾಕಬೇಕು. ರನ್ನಿಂಗ್ ಬಿಲ್ ಇಲ್ಲಿಯವರೆಗಿನ ಒಟ್ಟು ಕೆಲಸದಿಂದ ಹಿಂದೆ ಕೊಟ್ಟದ್ದನ್ನು ಕಳೆಯುವ ಲೆಕ್ಕವಾದ್ದರಿಂದ, 624ಕ್ಕೆ ಹಣ ಆಗಲೇ ಸಂದಿದ್ದರೂ ಮುಂದಿನ ಬಿಲ್ಲಿನಲ್ಲಿ ಆ 2,420 ರೂಪಾಯಿ ತಾನಾಗಿಯೇ ಮುರಿದುಹೋಗುತ್ತದೆ.