ಹೊಸೂರಿನ ಐಜಿಎಸ್‌ಟಿ ಯಾರ ಪಾಲಿಗೆ?

ತಿಂಗಳ 20ನೇ ತಾರೀಕು ಹತ್ತಿರ ಬಂದಂತೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಸಣ್ಣ ಟ್ಯಾಕ್ಸ್ ಆಫೀಸುಗಳಲ್ಲಿ ಒಂದೇ ಕೆಲಸ: ಜಿಎಸ್‌ಟಿಆರ್-3ಬಿ ತುಂಬುವುದು, ಕಟ್ಟಬೇಕಾದ ತೆರಿಗೆ ಎಷ್ಟೆಂದು ಅಂಗಡಿಯವರಿಗೆ ಫೋನಿನಲ್ಲಿ ಹೇಳುವುದು. ಆ ಮೊತ್ತ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಮಾರಾಟದ ತೆರಿಗೆಯಲ್ಲಿ ಖರೀದಿಯ ತೆರಿಗೆ ಕಳೆದೆವು, ಉಳಿದದ್ದು ಇಷ್ಟು. ಸುತ್ತಮುತ್ತಲಿನ ಕಾಮರ್ಸ್ ಟ್ಯೂಷನ್‌ಗಳಲ್ಲೂ ಲೆಕ್ಕ ಹೀಗೇ ಮುಗಿಯುತ್ತದೆ. ಈ ಪದ್ಧತಿಯಲ್ಲಿ ಖರೀದಿ, ಮಾರಾಟದ ಎಂಟ್ರಿಗಳ ಬಗ್ಗೆ ನನ್ನ ತಕರಾರಿಲ್ಲ, ಅವನ್ನು ಚೆನ್ನಾಗಿಯೇ ಕಲಿಸುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ. ಎಡವುವುದು ಸೆಟ್‌ಆಫ್ ಎಂಟ್ರಿಯಲ್ಲಿ. ಕ್ರೆಡಿಟ್ಟನ್ನು ಯಾವ ಕ್ರಮದಲ್ಲಿ, ಯಾವುದಕ್ಕೆ ಎಷ್ಟು ಬಳಸಬೇಕು ಎಂಬುದು ಒಂದು ತೀರ್ಮಾನ. ರೂಢಿಯ ಎಂಟ್ರಿ ಆ ತೀರ್ಮಾನವನ್ನೇ ಮರೆಮಾಡುತ್ತದೆ.

ಈ ಅಭ್ಯಾಸದ ಬೇರು ವ್ಯಾಟ್ ಕಾಲದ್ದು. 2005ರ ಏಪ್ರಿಲ್‌ನಿಂದ 2017ರ ಜೂನ್‌ವರೆಗೆ ಕರ್ನಾಟಕದ ವ್ಯಾಪಾರಿಗೆ ಇದ್ದದ್ದು ಒಂದೇ ಕ್ರೆಡಿಟ್, ಅದು ರಾಜ್ಯದ ವ್ಯಾಟ್. ಅತ್ತಿಬೆಲೆ ದಾಟಿ ಹೊಸೂರಿನಿಂದ ಮಾಲು ತಂದರೆ ಸಿಎಸ್‌ಟಿ ಬೀಳುತ್ತಿತ್ತು. ಕೊನೆಯ ವರ್ಷಗಳಲ್ಲಿ ಸಿ ಫಾರ್ಮ್ ಕೊಟ್ಟರೆ ಅದು ಶೇ 2. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಖರೀದಿ ಬೆಲೆಯೊಳಗೇ ಸೇರಿಹೋಗುತ್ತಿತ್ತು. ಹಾಗಾಗಿ ಒಂದು ಕಳೆಯುವ ಲೆಕ್ಕ, ಒಂದು ಎಂಟ್ರಿ ಸಾಕಾಗಿತ್ತು. 2017ರ ಜುಲೈ 1ರಿಂದ ಹೊಸೂರಿನ ಬಿಲ್ಲಿನ ಮೇಲಿನ ತೆರಿಗೆ ಐಜಿಎಸ್‌ಟಿ ಆಯಿತು. ಹಿಂದೆ ಕೈಬಿಟ್ಟುಹೋಗುತ್ತಿದ್ದ ತೆರಿಗೆಯೇ ಈಗ ಮೂರೂ ಕಡೆ ಬಳಸಬಹುದಾದ, ಎಲ್ಲಕ್ಕಿಂತ ಸಡಿಲವಾದ ಕ್ರೆಡಿಟ್. ದಕ್ಷಿಣ ಬೆಂಗಳೂರಿನ ಅಂಗಡಿಗೆ ಹೊಸೂರು ಹತ್ತಿರದ ಮಾರುಕಟ್ಟೆಯಾದ್ದರಿಂದ ಈ ಐಜಿಎಸ್‌ಟಿ ಇಲ್ಲಿ ಅಪರೂಪದ್ದಲ್ಲ.

ಜೆ.ಪಿ. ನಗರದ ಒಂದು ಎಲೆಕ್ಟ್ರಿಕಲ್ ಅಂಗಡಿಯ ಒಂದು ತಿಂಗಳ ಲೆಕ್ಕವನ್ನು ಉದಾಹರಣೆಗೆ ಕಟ್ಟಿಕೊಳ್ಳೋಣ. ವೈರು, ಸ್ವಿಚ್ಚು ಎಲ್ಲಕ್ಕೂ ದರ ಶೇ 18. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಹೋಲ್‌ಸೇಲ್‌ನವರಿಂದ 4,00,000 ರೂಪಾಯಿ ಮಾಲು, ಹೊಸೂರಿನ ತಯಾರಕರಿಂದ 3,00,000 ರೂಪಾಯಿ ಮಾಲು ಬಂದಿದೆ. ಬೆಂಗಳೂರಿನಲ್ಲೇ 7,00,000 ರೂಪಾಯಿ ಮಾರಾಟವಾಗಿದೆ, ಹೊಸೂರಿನ ಒಬ್ಬ ಕಂಟ್ರಾಕ್ಟರ್ ಸೈಟಿಗೆ 1,00,000 ರೂಪಾಯಿ ಮಾಲು ಕಳಿಸಿದ್ದಾರೆ. ಎಂಟ್ರಿಗಳು ಹೀಗೆ:

ಖರೀದಿ ಖಾತೆ ಡೆಬಿಟ್ 4,00,000
ಇನ್‌ಪುಟ್ ಸಿಜಿಎಸ್‌ಟಿ ಡೆಬಿಟ್ 36,000
ಇನ್‌ಪುಟ್ ಎಸ್‌ಜಿಎಸ್‌ಟಿ ಡೆಬಿಟ್ 36,000
ಬೆಂಗಳೂರಿನ ಹೋಲ್‌ಸೇಲ್‌ನವರ ಖಾತೆ ಕ್ರೆಡಿಟ್ 4,72,000

ಖರೀದಿ ಖಾತೆ ಡೆಬಿಟ್ 3,00,000
ಇನ್‌ಪುಟ್ ಐಜಿಎಸ್‌ಟಿ ಡೆಬಿಟ್ 54,000
ಹೊಸೂರಿನ ತಯಾರಕರ ಖಾತೆ ಕ್ರೆಡಿಟ್ 3,54,000

ಗಿರಾಕಿಗಳು / ಬ್ಯಾಂಕ್ ಡೆಬಿಟ್ 8,26,000
ಮಾರಾಟ ಖಾತೆ ಕ್ರೆಡಿಟ್ 7,00,000
ಔಟ್‌ಪುಟ್ ಸಿಜಿಎಸ್‌ಟಿ ಕ್ರೆಡಿಟ್ 63,000
ಔಟ್‌ಪುಟ್ ಎಸ್‌ಜಿಎಸ್‌ಟಿ ಕ್ರೆಡಿಟ್ 63,000

ಹೊಸೂರಿನ ಕಂಟ್ರಾಕ್ಟರ್ ಖಾತೆ ಡೆಬಿಟ್ 1,18,000
ಮಾರಾಟ ಖಾತೆ ಕ್ರೆಡಿಟ್ 1,00,000
ಔಟ್‌ಪುಟ್ ಐಜಿಎಸ್‌ಟಿ ಕ್ರೆಡಿಟ್ 18,000

ಔಟ್‌ಪುಟ್ ಒಟ್ಟು 1,44,000, ಇನ್‌ಪುಟ್ ಒಟ್ಟು 1,26,000. ರೂಢಿಯ ಲೆಕ್ಕ ಇಲ್ಲಿಗೇ ನಿಂತು, 18,000 ಕಟ್ಟಿ ಎನ್ನುತ್ತದೆ. ಕಟ್ಟಬೇಕಾದದ್ದು 18,000 ಆಗಲೂಬಹುದು, 27,000 ಆಗಲೂಬಹುದು. ಎರಡೂ ಕಾನೂನಿಗೆ ಒಪ್ಪುವಂಥವೇ.

ಮೊದಲ ಹೆಜ್ಜೆಯಲ್ಲಿ ಆಯ್ಕೆಯಿಲ್ಲ. ಐಜಿಎಸ್‌ಟಿ ಕ್ರೆಡಿಟ್ಟು ಮೊದಲು ಐಜಿಎಸ್‌ಟಿ ಬಾಕಿಗೇ ಹೋಗಬೇಕು. 54,000ದಲ್ಲಿ 18,000 ಅಲ್ಲಿಗೆ ತೀರಿ, 36,000 ಉಳಿಯುತ್ತದೆ. ಈ ಉಳಿಕೆ ಪೂರ್ತಿ ಖರ್ಚಾಗುವವರೆಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕ್ರೆಡಿಟ್ಟುಗಳನ್ನು ಮುಟ್ಟುವಂತಿಲ್ಲ. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ 49ಎ ಕಲಂ ಹೇಳುವುದು ಇದನ್ನೇ. ಆಗ ಓದಿಕೊಂಡ ರೀತಿಯಲ್ಲಿ ಉಳಿದ ಐಜಿಎಸ್‌ಟಿ ಮೊದಲು ಸಿಜಿಎಸ್‌ಟಿಗೆ, ಅಲ್ಲಿ ಮಿಕ್ಕರೆ ಮಾತ್ರ ಎಸ್‌ಜಿಎಸ್‌ಟಿಗೆ. ನಮ್ಮ ಅಂಗಡಿಗೆ ಅದನ್ನು ಅನ್ವಯಿಸಿದರೆ 36,000 ಇಡಿಯಾಗಿ ಸಿಜಿಎಸ್‌ಟಿಗೆ ಹೋಗುತ್ತದೆ. ಅಲ್ಲಿ ಉಳಿಯುವ ಬಾಕಿ 27,000. ಅದಕ್ಕೆ ಸ್ವಂತ ಸಿಜಿಎಸ್‌ಟಿ ಕ್ರೆಡಿಟ್ 36,000 ಇದೆ, ಹಾಗಾಗಿ 9,000 ಕೈಯಲ್ಲಿ ಮಿಗುತ್ತದೆ. ಎಸ್‌ಜಿಎಸ್‌ಟಿ ಕಡೆ 63,000ಕ್ಕೆ ಇರುವುದು 36,000 ಮಾತ್ರ, ಆದ್ದರಿಂದ 27,000 ನಗದಾಗಿ ಕಟ್ಟಬೇಕು. ಸಿಜಿಎಸ್‌ಟಿಯಲ್ಲಿ ಮಿಕ್ಕ 9,000ವನ್ನು ಎಸ್‌ಜಿಎಸ್‌ಟಿಗೆ ಬಳಸೋಣವೆಂದರೆ ಕಾನೂನು ಬಿಡುವುದಿಲ್ಲ. ಒಂದು ಕೇಂದ್ರದ ದುಡ್ಡು, ಇನ್ನೊಂದು ರಾಜ್ಯದ ದುಡ್ಡು. ಇವೆರಡರ ನಡುವೆ ಕ್ರೆಡಿಟ್ ದಾಟುವುದಿಲ್ಲ.

ಎರಡೇ ತಿಂಗಳಲ್ಲಿ, 2019ರ ಮಾರ್ಚ್ 29ರಂದು, 88ಎ ನಿಯಮ ಬಂದು ಇದನ್ನು ಸರಿಪಡಿಸಿತು. ಐಜಿಎಸ್‌ಟಿ ಬಾಕಿ ತೀರಿದ ಮೇಲೆ ಉಳಿಯುವ ಐಜಿಎಸ್‌ಟಿ ಕ್ರೆಡಿಟ್ಟನ್ನು ಸಿಜಿಎಸ್‌ಟಿಗೂ ಎಸ್‌ಜಿಎಸ್‌ಟಿಗೂ ಯಾವ ಕ್ರಮದಲ್ಲಾದರೂ, ಯಾವ ಪ್ರಮಾಣದಲ್ಲಾದರೂ ಬಳಸಬಹುದು. ಇಷ್ಟು ವರ್ಷಗಳಾದರೂ ಹಳೆಯ ಕ್ರಮವನ್ನೇ ಏಕೈಕ ಕ್ರಮವೆಂದು ಕಲಿಸುವ ನೋಟ್ಸು ಕೈಗೆ ಸಿಗುತ್ತಲೇ ಇದೆ ಎಂಬುದು ನನ್ನ ದೊಡ್ಡ ದೂರು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗಬಹುದು. ಅದೇ ಕಲಿತು ಕೆಲಸಕ್ಕೆ ಸೇರಿದ ಹುಡುಗನ ಕೈಯಿಂದ ಅಂಗಡಿಯವರು ಪ್ರತಿ ತಿಂಗಳೂ ಬೇಕಿಲ್ಲದ ನಗದು ಕಟ್ಟುತ್ತಾರೆ. ಆ 9,000 ಮುಳುಗುವುದಿಲ್ಲ, ಕ್ರೆಡಿಟ್ ಲೆಡ್ಜರ್‌ನಲ್ಲಿ ಮುಂದಿನ ತಿಂಗಳಿಗೆ ಉಳಿಯುತ್ತದೆ, ನಿಜ. ಆದರೆ ಮುಂದಿನ ತಿಂಗಳೂ ಅದೇ ಕ್ರಮ ಅನುಸರಿಸಿದರೆ ಅದು ಬೆಳೆಯುತ್ತ ಹೋಗುತ್ತದೆ, ಓವರ್‌ಡ್ರಾಫ್ಟ್‌ನಲ್ಲಿ ನಡೆಯುವ ಅಂಗಡಿ ಅದಕ್ಕೆ ಬ್ಯಾಂಕಿಗೆ ಬಡ್ಡಿ ಕೊಡುತ್ತಿರುತ್ತದೆ.

ಸರಿಯಾದ ಹಂಚಿಕೆಗೆ ಬೇಕಾದದ್ದು ಕೊರತೆಯ ಲೆಕ್ಕ. ಸಿಜಿಎಸ್‌ಟಿ ಬಾಕಿ 63,000, ಸ್ವಂತ ಕ್ರೆಡಿಟ್ 36,000, ಕೊರತೆ 27,000. ಎಸ್‌ಜಿಎಸ್‌ಟಿಯದೂ ಅಷ್ಟೇ. ಐಜಿಎಸ್‌ಟಿಯ 36,000ವನ್ನು ಹೇಗೆ ಹಂಚಿದರೂ ಸರಿ, ಯಾವ ಕಡೆಗೂ ಅದರ ಕೊರತೆಗಿಂತ ಹೆಚ್ಚು ಹೋಗಬಾರದು. 18,000–18,000 ಎಂದು ಹಂಚಿದರೆ ಎರಡೂ ಕಡೆ 9,000ದಂತೆ ನಗದು. 27,000–9,000 ಎಂದು ಹಂಚಿದರೆ ಎಸ್‌ಜಿಎಸ್‌ಟಿಗೆ ಮಾತ್ರ 18,000 ನಗದು. ಒಟ್ಟು ಎರಡರಲ್ಲೂ 18,000. ಸಮಪಾಲಿನ ಹಂಚಿಕೆಗೆ ಎಂಟ್ರಿಗಳನ್ನು ನಾನು ಹೀಗೆ ಬಿಡಿಬಿಡಿಯಾಗಿ ಬರೆಯುತ್ತೇನೆ:

ಔಟ್‌ಪುಟ್ ಐಜಿಎಸ್‌ಟಿ ಡೆಬಿಟ್ 18,000
ಇನ್‌ಪುಟ್ ಐಜಿಎಸ್‌ಟಿ ಕ್ರೆಡಿಟ್ 18,000

ಔಟ್‌ಪುಟ್ ಸಿಜಿಎಸ್‌ಟಿ ಡೆಬಿಟ್ 18,000
ಔಟ್‌ಪುಟ್ ಎಸ್‌ಜಿಎಸ್‌ಟಿ ಡೆಬಿಟ್ 18,000
ಇನ್‌ಪುಟ್ ಐಜಿಎಸ್‌ಟಿ ಕ್ರೆಡಿಟ್ 36,000

ಔಟ್‌ಪುಟ್ ಸಿಜಿಎಸ್‌ಟಿ ಡೆಬಿಟ್ 36,000
ಇನ್‌ಪುಟ್ ಸಿಜಿಎಸ್‌ಟಿ ಕ್ರೆಡಿಟ್ 36,000

ಔಟ್‌ಪುಟ್ ಎಸ್‌ಜಿಎಸ್‌ಟಿ ಡೆಬಿಟ್ 36,000
ಇನ್‌ಪುಟ್ ಎಸ್‌ಜಿಎಸ್‌ಟಿ ಕ್ರೆಡಿಟ್ 36,000

ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್ ಡೆಬಿಟ್ 18,000
ಬ್ಯಾಂಕ್ ಕ್ರೆಡಿಟ್ 18,000

ಔಟ್‌ಪುಟ್ ಸಿಜಿಎಸ್‌ಟಿ ಡೆಬಿಟ್ 9,000
ಔಟ್‌ಪುಟ್ ಎಸ್‌ಜಿಎಸ್‌ಟಿ ಡೆಬಿಟ್ 9,000
ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್ ಕ್ರೆಡಿಟ್ 18,000

ಕೊನೆಯ ಎರಡನ್ನು ಒಂದೇ ಮಾಡಿ, ತೆರಿಗೆ ಡೆಬಿಟ್, ಬ್ಯಾಂಕ್ ಕ್ರೆಡಿಟ್ ಎಂದು ಬರೆಯುವವರಿದ್ದಾರೆ. ಚಲನ್ ಕಟ್ಟಿದ ದಿನ ದುಡ್ಡು ಕ್ಯಾಶ್ ಲೆಡ್ಜರ್‌ಗಷ್ಟೇ ಬರುತ್ತದೆ; ತೆರಿಗೆ ತೀರುವುದು 3ಬಿ ಸಲ್ಲಿಸಿದಾಗ. ಚಲನ್ ಕಟ್ಟಿ ರಿಟರ್ನ್ ತಡವಾದ ತಿಂಗಳಲ್ಲಿ ಪುಸ್ತಕಕ್ಕೂ ಪೋರ್ಟಲ್‌ಗೂ ತಾಳೆಯಾಗದೆ ಒದ್ದಾಡುವುದು ಈ ಒಂದು ಸಾಲನ್ನು ಬಿಟ್ಟದ್ದರಿಂದಲೇ.

ಪುಸ್ತಕ ನೋಡಿಯೇ ತಪ್ಪನ್ನು ಹಿಡಿಯಬಹುದು. ಐಜಿಎಸ್‌ಟಿ ಕ್ರೆಡಿಟ್ ಬಳಸಿದ ತಿಂಗಳ ಕೊನೆಗೆ ಇನ್‌ಪುಟ್ ಸಿಜಿಎಸ್‌ಟಿಯಲ್ಲಿ ಡೆಬಿಟ್ ಬಾಕಿ ಉಳಿದಿದ್ದು, ಅದೇ ತಿಂಗಳು ಎಸ್‌ಜಿಎಸ್‌ಟಿಗೆ ನಗದು ಕಟ್ಟಿದ್ದರೆ, ಐಜಿಎಸ್‌ಟಿ ಸಿಜಿಎಸ್‌ಟಿ ಕಡೆಗೆ ಅಗತ್ಯಕ್ಕಿಂತ ಹೆಚ್ಚು ಹೋಗಿದೆಯೇ ಎಂದು ಮೊದಲು ನೋಡಬೇಕು. ನಗದು ತಪ್ಪು ಹೆಡ್‌ಗೆ ಹೋಗಿದ್ದರೆ ಪಿಎಂಟಿ-09 ಮೂಲಕ ಬದಲಿಸಬಹುದು. ಕ್ರೆಡಿಟ್ಟಿಗೆ ಅಂಥ ದಾರಿಯಿಲ್ಲ.

88ಎ ಗೊತ್ತಿರುವ ಕೆಲವು ಆಫೀಸುಗಳಲ್ಲಿ ಇನ್ನೊಂದು ಸುಲಭ ಸೂತ್ರ ಬೇರೂರಿದೆ: ಉಳಿದ ಐಜಿಎಸ್‌ಟಿಯನ್ನು ಯಾವಾಗಲೂ ಅರ್ಧ ಅರ್ಧ ಮಾಡು. ಮೇಲಿನ ತಿಂಗಳಲ್ಲಿ ಅದು ಸರಿಹೋಯಿತು, ಏಕೆಂದರೆ ಎರಡೂ ಕೊರತೆ ಸಮನಾಗಿದ್ದವು. ಹಿಂದಿನ ತಿಂಗಳ ಲೆಕ್ಕ ಹಳೆಯ ಕ್ರಮದಲ್ಲೇ ಆಗಿ ಸಿಜಿಎಸ್‌ಟಿಯಲ್ಲಿ 9,000 ಮುಂದಕ್ಕೆ ಬಂದಿದೆ ಎಂದುಕೊಳ್ಳಿ. ಈ ತಿಂಗಳ ಸ್ಥಳೀಯ ಔಟ್‌ಪುಟ್ ಎರಡೂ ಕಡೆ 60,000, ಇನ್‌ಪುಟ್ 50,000. ಆಗ ಸಿಜಿಎಸ್‌ಟಿಯ ಕೊರತೆ ಬರೀ 1,000, ಎಸ್‌ಜಿಎಸ್‌ಟಿಯದು 10,000. ಐಜಿಎಸ್‌ಟಿ ಉಳಿಕೆ 8,000 ಇದ್ದು ಅದನ್ನು 4,000ದಂತೆ ಸೀಳಿದರೆ ಸಿಜಿಎಸ್‌ಟಿಯಲ್ಲಿ 3,000 ಮತ್ತೆ ಮಲಗುತ್ತದೆ, ಎಸ್‌ಜಿಎಸ್‌ಟಿಗೆ 6,000 ಕಟ್ಟಬೇಕಾಗುತ್ತದೆ. 1,000–7,000 ಎಂದು ಹಂಚಿದರೆ 3,000 ಕಟ್ಟಿದರೆ ಮುಗಿಯಿತು. ಪೋರ್ಟಲ್ ತಾನೇ ತುಂಬಿ ತೋರಿಸುವ ಹಂಚಿಕೆ ಬರೀ ಸಲಹೆ, ಅದನ್ನು ತಿದ್ದಬಹುದು. ತಿದ್ದಿದ್ದೇ ಆದರೆ ಜರ್ನಲ್ ಎಂಟ್ರಿಯಲ್ಲೂ ಅದೇ ಅಂಕಿಗಳಿರಬೇಕು, ಕೆಳಗೆ ನರೇಷನ್‌ನಲ್ಲಿ ಎರಡೂ ಕೊರತೆಗಳನ್ನು ಬರೆದಿಡಬೇಕು.

ಈ ಇಡೀ ಲೆಕ್ಕ ನಿಂತಿರುವುದು ಪುಸ್ತಕದ ಇನ್‌ಪುಟ್ ಎಲ್ಲವೂ ಈ ತಿಂಗಳೇ ಸಿಗುತ್ತದೆ ಎಂಬ ಊಹೆಯ ಮೇಲೆ. ಪಠ್ಯದ ಲೆಕ್ಕಗಳು ಇಲ್ಲಿಯೇ ವ್ಯವಹಾರದಿಂದ ದೂರವಾಗುತ್ತವೆ. 2022ರ ಜನವರಿ 1ರಿಂದ ಮಾರಿದವರು ಬಿಲ್ಲನ್ನು ತಮ್ಮ ರಿಟರ್ನಿನಲ್ಲಿ ತೋರಿಸಿ, ಅದು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬಂದರೆ ಮಾತ್ರ ಕ್ರೆಡಿಟ್. ಹೋಲ್‌ಸೇಲ್‌ನವರ ವಹಿವಾಟು 5 ಕೋಟಿಯೊಳಗಿದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾಗಿದ್ದರೆ, ಮೊದಲೆರಡು ತಿಂಗಳ ಬಿಲ್ಲುಗಳನ್ನು 13ನೇ ತಾರೀಕಿನೊಳಗೆ ಐಎಫ್‌ಎಫ್‌ನಲ್ಲಿ ಹಾಕದಿದ್ದರೆ, 14ರಂದು ತಯಾರಾಗುವ 2ಬಿಯಲ್ಲಿ ಅವು ಇರುವುದಿಲ್ಲ. ಮಾಲು ಗೋಡೌನಿನಲ್ಲಿದೆ, ಬಿಲ್ಲು ಫೈಲಿನಲ್ಲಿದೆ, ಕ್ರೆಡಿಟ್ ಮಾತ್ರ ಇಲ್ಲ.

ನಮ್ಮ ಅಂಗಡಿಯ 4,00,000ದ ಸ್ಥಳೀಯ ಖರೀದಿಯಲ್ಲಿ 1,00,000ದ ಬಿಲ್ಲು ಹೀಗೆ ತಪ್ಪಿದೆ ಎನ್ನಿ. ಬಳಸಬಹುದಾದ ಇನ್‌ಪುಟ್ ಎರಡೂ ಕಡೆ 27,000ಕ್ಕೆ ಇಳಿಯುತ್ತದೆ, ಕಟ್ಟಬೇಕಾದ ನಗದು 18,000ದಿಂದ 36,000ಕ್ಕೆ ಏರುತ್ತದೆ. ಅಂಥ ಬಿಲ್ಲಿನ 9,000 ಮತ್ತು 9,000ವನ್ನು ಇನ್‌ಪುಟ್ ಖಾತೆಯಲ್ಲಿ ಬೆರೆಸದೆ, 2ಬಿಗೆ ಬಾರದ ಇನ್‌ಪುಟ್ ಎಂಬ ಬೇರೆ ಖಾತೆಗೆ ಡೆಬಿಟ್ ಮಾಡಿ, ಬಂದ ತಿಂಗಳು ಇನ್‌ಪುಟ್ ಖಾತೆಗೆ ವರ್ಗಾಯಿಸಬೇಕು. ಆ ಖಾತೆಯ ಬಾಕಿಯನ್ನು ಮಾರಿದವರ ಹೆಸರಿನ ಪ್ರಕಾರ ಇಟ್ಟುಕೊಂಡರೆ ಯಾರಿಗೆ ಫೋನ್ ಮಾಡಬೇಕೆಂಬುದು ತಾನೇ ಕಾಣುತ್ತದೆ, ಮುಂದಿನ ಬಿಲ್ಲಿನ ದುಡ್ಡು ಕೊಡುವ ಮುಂಚೆಯೇ ಕೇಳಬಹುದು. ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ಆ ಕ್ರೆಡಿಟ್ ತೆಗೆದುಕೊಳ್ಳದಿದ್ದರೆ, ಅಲ್ಲಿ ಉಳಿದ ಮೊತ್ತವನ್ನು ಖರ್ಚಿಗೆ ಬರೆಯಬೇಕಾಗುತ್ತದೆ.