ಸೊನ್ನೆ ಬಿದ್ದ ಮೇಲೆ

ಅಸೈನ್‌ಮೆಂಟ್ ಕೊಡದೆ ಸೊನ್ನೆ ಬಿದ್ದವರಿಗೆ ಸ್ಟಾಫ್ ರೂಮಿನಲ್ಲಿ ಸಿಗುವ ಸಮಾಧಾನ ಹೆಚ್ಚುಕಡಿಮೆ ಒಂದೇ: “ಮುಂದಿನದರಲ್ಲಿ ಚೆನ್ನಾಗಿ ತೆಗಿಯಪ್ಪ, ಕವರ್ ಆಗತ್ತೆ.” ಮುಂದಿನವು ಎಷ್ಟು ಬೇಕು, ಎಷ್ಟು ಚೆನ್ನಾಗಿ ತೆಗೆಯಬೇಕು ಅನ್ನುವ ಲೆಕ್ಕವನ್ನು ಮಾತ್ರ ಯಾರೂ ಹಾಕಿಕೊಡುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ನಿಮಗೆ 80ರ ಸರಾಸರಿ ಬೇಕು, ಮೊದಲನೆಯದರಲ್ಲಿ ಸೊನ್ನೆ ಬಂದಿದೆ ಅನ್ನಿ. ಆ ಸೊನ್ನೆ 80 ಅಂಕದ ಸಾಲ. ಮುಂದೆ 90 ತೆಗೆದ ಪ್ರತಿ ಸಲ ಬೇಕಾದದ್ದಕ್ಕಿಂತ 10 ಹೆಚ್ಚು ಬರುತ್ತದೆ, ಆದ್ದರಿಂದ ಎಂಟು ಸಲ 90 ಬಂದರೆ ಸಾಲ ತೀರುತ್ತದೆ. ಪ್ರತಿ ಸಲ 85 ಬಂದರೆ ಹದಿನಾರು ಸಲ ಬೇಕು. ನೂರಕ್ಕೆ ನೂರೇ ತೆಗೆದರೂ ನಾಲ್ಕು ಸಲ. ಪ್ರತಿ ಸಲ 80 ತೆಗೆಯುವವರಿಗೆ ಇದು ಎಂದಿಗೂ ತೀರುವುದಿಲ್ಲ. ಹತ್ತಿರ ಹತ್ತಿರ ಹೋಗಬಹುದು, ಮುಟ್ಟಲಾಗದು.

ಈಗ ಈ ಲೆಕ್ಕವನ್ನು ಮೈಸೂರಿನ ಒಂದು ಎಂಜಿನಿಯರಿಂಗ್ ತರಗತಿಗೆ ತನ್ನಿ. ನಗರದ ಹಳೆಯ ಕಾಲೇಜುಗಳಲ್ಲಿ ಕೆಲವು ಸ್ವಾಯತ್ತವಾಗಿವೆ, ಅವಕ್ಕೆ ತಮ್ಮದೇ ನಿಯಮಗಳಿವೆ. ನಾನು ಹೇಳುತ್ತಿರುವುದು ವಿಟಿಯುವಿನ 2022ರ ಸ್ಕೀಮಿನ ಥಿಯರಿ ವಿಷಯಗಳ ಬಗ್ಗೆ. ಅಲ್ಲಿ ಸಿಐಇಗೆ 50, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50. ಸಿಐಇಯ 50ರಲ್ಲಿ 25 ಇಂಟರ್ನಲ್ಸ್‌ಗೆ, 25 ಅಸೈನ್‌ಮೆಂಟ್‌ಗೆ. ಇಂಟರ್ನಲ್ಸ್ ಎರಡು, ಅಸೈನ್‌ಮೆಂಟ್ ಹೆಚ್ಚೆಂದರೆ ಎರಡು. ಎಂಟು ಸಲ 90 ತೆಗೆಯುವ ಮಾತು ಇಲ್ಲೇ ಬಿದ್ದುಹೋಯಿತು. ಎರಡರಲ್ಲಿ ಒಂದು ಸೊನ್ನೆಯಾದರೆ “ಮುಂದಿನದು” ಉಳಿಯುವುದು ಒಂದೇ ಒಂದು, ಎರಡನೆಯದೇ ತಪ್ಪಿದ್ದರೆ ಅದೂ ಇಲ್ಲ.

ಚೆನ್ನಾಗಿ ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅಸೈನ್‌ಮೆಂಟ್‌ಗಳಲ್ಲಿ 22, ಇಂಟರ್ನಲ್ಸ್‌ನಲ್ಲಿ 20 ತೆಗೆಯುವವಳು. ಎಲ್ಲ ಸರಿಯಿದ್ದರೆ ಅವಳ ಸಿಐಇ 42. ಎ ಪ್ಲಸ್‌ಗೆ ಬೇಕಾದ 80 ಮುಟ್ಟಲು ಪರೀಕ್ಷೆಯಿಂದ 38 ಬೇಕು. ಪರೀಕ್ಷೆ ನಡೆಯುವುದು 100ಕ್ಕೆ, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಅಂದರೆ ಪೇಪರಿನಲ್ಲಿ 76 ಬರೆಯಬೇಕು. ದಸರಾ ರಜೆಗೆ ಮುಂಚೆ ಕೊಡಬೇಕಾಗಿದ್ದ ಮೊದಲ ಅಸೈನ್‌ಮೆಂಟ್ ತಪ್ಪಿತು ಅಂತಿಟ್ಟುಕೊಳ್ಳಿ. ಅಸೈನ್‌ಮೆಂಟಿನ 22 ಈಗ 11 ಆಗುತ್ತದೆ, ಸಿಐಇ 31ಕ್ಕೆ ಇಳಿಯುತ್ತದೆ, ಪರೀಕ್ಷೆಯಲ್ಲಿ ಬೇಕಾದದ್ದು 98! ಕಳೆದ 11 ಅಂಕ ಪೇಪರಿನ ಮೇಲೆ 22 ಆಗಿ ಕೂತಿದೆ. ಪ್ರತಿ ಮಾಡ್ಯೂಲಿಗೆ 20 ಅಂಕದ ಒಂದು ಪೂರ್ತಿ ಪ್ರಶ್ನೆ ಬರೆಯುವ ಪೇಪರ್ ಅದು. ಒಂದಿಡೀ ಮಾಡ್ಯೂಲಿಗಿಂತ ಹೆಚ್ಚು ಹೋಯಿತು.

ಇನ್ನು ಎದ್ದು ನಿಲ್ಲುತ್ತಾಳೆ, ಎರಡನೆಯ ಅಸೈನ್‌ಮೆಂಟಿನಲ್ಲೂ ಎರಡನೆಯ ಇಂಟರ್ನಲ್ಸ್‌ನಲ್ಲೂ 25ಕ್ಕೆ 25 ತೆಗೆಯುತ್ತಾಳೆ ಅನ್ನಿ. ಅಸೈನ್‌ಮೆಂಟ್ ಹನ್ನೆರಡೂವರೆ, ಇಂಟರ್ನಲ್ಸ್ ಇಪ್ಪತ್ತೆರಡೂವರೆ, ಒಟ್ಟು 35. ಹನ್ನೊಂದು ಕಳೆದುಕೊಂಡವಳಿಗೆ ವಾಪಸ್ ಬಂದದ್ದು ನಾಲ್ಕು. ಪೇಪರಿನಲ್ಲಿ ಇನ್ನೂ 90 ಬೇಕು. ತರಗತಿಯೊಳಗೆ ಇದಕ್ಕಿಂತ ಹೆಚ್ಚು ಯಾರಿಂದಲೂ ಸಾಧ್ಯವಿಲ್ಲ. “ಕವರ್ ಆಗತ್ತೆ” ಅನ್ನುವ ಮಾತು ಆ ವಿಷಯದ ಮಟ್ಟಿಗೆ ಸುಳ್ಳು.

ವಿಚಿತ್ರವೆಂದರೆ ಆ ವಿಷಯ ದಾಟಿದ ಕೂಡಲೇ ಅದು ನಿಜವಾಗಿಬಿಡುತ್ತದೆ. ಪೇಪರಿನಲ್ಲಿ ಅವಳು 80 ತೆಗೆದಳು ಅನ್ನೋಣ, 35ಕ್ಕೆ 40 ಸೇರಿ 75, ಗ್ರೇಡ್ ಎ. ಎ ಪ್ಲಸ್‌ನ 9ರ ಬದಲು 8 ಪಾಯಿಂಟ್. ಮೂರು ಕ್ರೆಡಿಟ್ಟಿನ ವಿಷಯವಾದರೆ ಕಳೆದದ್ದು ಮೂರು ಕ್ರೆಡಿಟ್ ಪಾಯಿಂಟ್, ಅದು ಪದವಿಯ 160 ಕ್ರೆಡಿಟ್‌ಗಳಿಗೆ ಹಂಚಿಹೋಗುತ್ತದೆ. ಸಿಜಿಪಿಎ ಇಳಿಯುವುದು 0.02ಕ್ಕೂ ಕಡಿಮೆ. ಇದನ್ನು ಅಳಿಸಲು ಮುಂದೆ ಇನ್ನೊಂದು ಮೂರು ಕ್ರೆಡಿಟ್ಟಿನ ವಿಷಯದಲ್ಲಿ ಒಂದೇ ಒಂದು ಗ್ರೇಡ್ ಮೇಲೆ ಹೋದರೆ ಸಾಕು. ಮೇಲಿನ ಗ್ರೇಡುಗಳ ಮೆಟ್ಟಿಲು ಹತ್ತು ಅಂಕದ್ದಾದ್ದರಿಂದ, 79ರಲ್ಲಿ ನಿಲ್ಲುವವಳು 80ಕ್ಕೆ ಹೋದರೂ ಆ ಸಾಲ ಚುಕ್ತಾ. ಜಾಣರ ಸೊನ್ನೆ ಹೀಗೆ ಸದ್ದಿಲ್ಲದೆ ಕರಗುತ್ತದೆ, ಅವರ ಪೈಕಿ ಬಹಳ ಜನ ಅದನ್ನು ಮರೆತೂ ಬಿಡುತ್ತಾರೆ.

ನನ್ನ ತಕರಾರು ಇರುವುದು ಇನ್ನೊಬ್ಬ ಹುಡುಗನ ವಿಷಯದಲ್ಲಿ. ಚಾಮರಾಜನಗರದ ಕಡೆಯಿಂದ ರೈಲಿನಲ್ಲಿ ದಿನಾ ಬರುವವನು ಅಂದುಕೊಳ್ಳಿ. ಅಸೈನ್‌ಮೆಂಟಿಗೆ 16, ಇಂಟರ್ನಲ್ಸ್‌ಗೆ 10 ತೆಗೆಯುವವನು. ಎರಡೂ ಅಸೈನ್‌ಮೆಂಟ್ ಕೊಟ್ಟರೆ ಸಿಐಇ 26. ಒಂದು ತಪ್ಪಿದರೆ 8ಕ್ಕೆ 10 ಸೇರಿ 18. ಸಿಐಇಯಲ್ಲಿ ಕನಿಷ್ಠ 20 ಇಲ್ಲದವರಿಗೆ ಕೊನೆಯ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಜಾಣೆಗೆ ಸೊನ್ನೆಯ ಬೆಲೆ ಸಿಜಿಪಿಎಯ ಎರಡನೆಯ ದಶಮಾಂಶದಲ್ಲಿ ಹುಡುಕಬೇಕಾದಷ್ಟು. ಇವನಿಗೆ ಅದೇ ಸೊನ್ನೆ ಪರೀಕ್ಷಾ ಹಾಲಿನ ಬಾಗಿಲು ಹಾಕುತ್ತದೆ. ಆ ವಿಷಯದ ಸಿಐಇಯನ್ನು ಮತ್ತೆ ಮೊದಲಿಂದ ಗಳಿಸಬೇಕು.

ಅವನಿಗೂ ಒಂದು ದಾರಿ ಇದೆ, ಹೊತ್ತಿಗೆ ಮುಂಚೆ ಗೊತ್ತಾದರೆ. ಎರಡನೆಯ ಇಂಟರ್ನಲ್ಸ್‌ನಲ್ಲಿ 10ರ ಬದಲು 14 ಬಂದರೆ ಸರಾಸರಿ 12, ಸಿಐಇ ಸರಿಯಾಗಿ 20. ನಾಲ್ಕು ಅಂಕ ಹೆಚ್ಚು ತೆಗೆಯುವುದು ಅಂಥವನಿಗೂ ಆಗದ ಕೆಲಸವಲ್ಲ. ಆದರೆ ಎರಡನೆಯ ಬ್ಲೂ ಬುಕ್ ಬರೆಯುವ ಮುಂಚೆ ತನ್ನ ಗುರಿ 14 ಅನ್ನುವುದು ಅವನಿಗೆ ತಿಳಿದಿರಬೇಕು. ಎರಡೂ ಅಸೈನ್‌ಮೆಂಟ್‌ಗಳನ್ನು ಸೆಮಿಸ್ಟರ್ ಕೊನೆಯಲ್ಲಿ ಒಟ್ಟಿಗೆ ಇಡಬಾರದು ಎಂದು ವಿಟಿಯು ಪಠ್ಯಕ್ರಮದಲ್ಲೇ ಬರೆದಿದೆ. ಒಳ್ಳೆಯ ಸಾಲು. ಅಂಕಪಟ್ಟಿ ವಿದ್ಯಾರ್ಥಿಯ ಸಹಿಗೆ ಬರುವುದೇ ಕೊನೆಯ ವಾರದಲ್ಲಾದರೆ ಆ ಸಾಲಿನಿಂದ ಇವನಿಗೆ ಏನೂ ಸಿಗದು.

ಸೊನ್ನೆಯನ್ನೇ ತೆಗೆದುಹಾಕಿ ಅನ್ನುವವರೂ ಇದ್ದಾರೆ. ಅಮೆರಿಕದ ಡಗ್ಲಸ್ ರೀವ್ಸ್ 2004ರಲ್ಲಿ ಈ ವಾದವನ್ನು ಪ್ರಬಂಧವಾಗಿ ಬರೆದರು: ಗ್ರೇಡುಗಳ ನಡುವೆ ಹತ್ತು ಹತ್ತು ಅಂಕದ ಅಂತರವಿರುವಾಗ ಸೊನ್ನೆ ಮಾತ್ರ 60 ಅಂಕ ಕೆಳಗೆ ಕೂರುವುದು ಅನ್ಯಾಯ ಎಂದು. ನಮ್ಮಲ್ಲಿ ಪಾಸ್ 40, ಹಾಗಾಗಿ ಹಳ್ಳ ಅಷ್ಟು ಆಳವಿಲ್ಲ. ಏನೂ ಬರೆಯದವನಿಗೆ ಅಂಕ ಕೊಡುವುದು ಬರೆದು ಕಡಿಮೆ ತೆಗೆದವನಿಗೆ ಮಾಡುವ ಅವಮಾನ ಎಂಬ ಅಧ್ಯಾಪಕರ ಮಾತನ್ನು ನಾನು ಒಪ್ಪುತ್ತೇನೆ.

ಅದಕ್ಕಿಂತ ಸರಳವಾದ ಉಪಾಯವನ್ನು ಇದೇ ವಿದ್ಯಾರ್ಥಿಗಳು ಮೊಬೈಲಿನಲ್ಲಿ ದಿನಾ ನೋಡುತ್ತಾರೆ. ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿನಲ್ಲಿ ಹನ್ನೆರಡು ಅಸೈನ್‌ಮೆಂಟ್, ಲೆಕ್ಕಕ್ಕೆ ಬರುವುದು ಅತಿ ಹೆಚ್ಚು ಅಂಕದ ಎಂಟು. ನಾಲ್ಕು ಸೊನ್ನೆ ಬಿದ್ದರೂ ಸರಾಸರಿಗೆ ತಾಗುವುದಿಲ್ಲ. ಎಂಟಾದ ಮೇಲೆ ಕೈಬಿಡುವ ಆಸೆ ಹುಟ್ಟುವುದು ಇದರ ದೋಷ. ವಿಟಿಯುಗೂ ಈ ಪದ್ಧತಿ ಹೊಸದಲ್ಲ. ಹಳೆಯ ಕೆಲವು ಸ್ಕೀಮುಗಳಲ್ಲಿ ಇಂಟರ್ನಲ್ಸ್‌ಗೆ ಮೂರು ಟೆಸ್ಟ್ ಇಟ್ಟು ಹೆಚ್ಚು ಬಂದ ಎರಡನ್ನು ಹಿಡಿಯುತ್ತಿದ್ದರು. ಅದೇ ನಿಯಮವನ್ನು ಅಸೈನ್‌ಮೆಂಟಿಗೂ ತಂದರೆ ಚಾಮರಾಜನಗರದ ಹುಡುಗನ 18 ಮತ್ತೆ 26 ಆಗುತ್ತದೆ. ಖರ್ಚು ಬೀಳುವುದು ಮೇಷ್ಟರ ಮೇಲೆ: ಅರವತ್ತು ಮಕ್ಕಳ ಸೆಕ್ಷನ್ನಿಗೆ ಇನ್ನೂ ಅರವತ್ತು ಪುಸ್ತಕ ತಿದ್ದಬೇಕು, ಅದೂ ಒಂದು ವಿಷಯಕ್ಕೆ. ಮೂರನೆಯ ಅಸೈನ್‌ಮೆಂಟನ್ನು, ಮೊದಲೆರಡರಲ್ಲಿ ಒಂದನ್ನು ತಪ್ಪಿಸಿಕೊಂಡವರಿಗೆ ಮಾತ್ರ ಇಟ್ಟರೆ ಆ ಅರವತ್ತು ನಾಲ್ಕೈದಕ್ಕೆ ಇಳಿಯಬಹುದು.