ಓಟಗಾರ್ತಿಗೆ ತಿಳಿಸಾರು ಸಾಲದು

ತರಬೇತಿ ಬಿರುಸಾದ ವಾರಗಳಲ್ಲಿ ಸಸ್ಯಾಹಾರಿ ಮಕ್ಕಳ ತಾಯಂದಿರು ಟ್ರ್ಯಾಕ್ ಪಕ್ಕ ನಿಂತು ಕೇಳುವುದು ಒಂದೇ: ‘ಮೊಟ್ಟೆನೂ ಮುಟ್ಟಲ್ಲ ಸರ್, ಪ್ರೋಟೀನ್ ಪೌಡರ್ ಕೊಡಿಸ್ಬೇಕಾ?’ ನಾನು ಮೊದಲು ವಿಚಾರಿಸುವುದು ಸಾರಿನ ಪಾತ್ರೆಯನ್ನು. ಬಡಿಸುವ ಹೊತ್ತಿಗೆ ಬೇಳೆಯೆಲ್ಲ ತಳ ಸೇರಿರುತ್ತದೆ. ಮೇಲಿನ ತಿಳಿ ಎರಡು ಸೌಟು ಹಾಕಿಕೊಂಡರೆ ಸಿಗುವ ಪ್ರೋಟೀನ್ ಅತ್ಯಲ್ಪ. 30 ಗ್ರಾಂ ತೊಗರಿಬೇಳೆಯನ್ನು ತೊವ್ವೆ ಮಾಡಿ ಪೂರ್ತಿ ತಿಂದರೆ 6 ಗ್ರಾಂ ದಾಟುತ್ತದೆ.

ಹದಿನಾರು ವರ್ಷದ, 50 ಕಿಲೋ ತೂಕದ 800 ಮೀಟರ್ ಓಟಗಾರ್ತಿಯನ್ನೇ ತೆಗೆದುಕೊಳ್ಳೋಣ. ದಿನಕ್ಕೆರಡು ಹೊತ್ತು ಓಡುವವಳಿಗೆ ಕಿಲೋ ತೂಕಕ್ಕೆ ಒಂದೂವರೆ ಗ್ರಾಂ ಲೆಕ್ಕ ಹಿಡಿದರೆ 75 ಗ್ರಾಂ ಬೇಕು. ಮೂರು ಇಡ್ಲಿ, ಅನ್ನ-ಸಾರು, ಚಹಾ-ಬಿಸ್ಕತ್ತು, ಮತ್ತೆ ಅನ್ನ-ಮೊಸರು ತಿಂದರೆ ಇದರ ಅರ್ಧದ ಆಸುಪಾಸಿಗೆ ನಿಲ್ಲುತ್ತದೆ. ರಾತ್ರಿ ಒಂದೇ ಸಲ ಪನೀರ್ ತಿನ್ನಿಸಿ ಸರಿದೂಗಿಸುವುದು ನನಗೆ ಒಪ್ಪಿಗೆಯಿಲ್ಲ. ಸ್ನಾಯು ರಿಪೇರಿ ದಿನವಿಡೀ ನಡೆಯುತ್ತದೆ, ಹೊತ್ತುಹೊತ್ತಿಗೆ 15ರಿಂದ 20 ಗ್ರಾಂ ಸಿಕ್ಕರೆ ಒಳ್ಳೆಯದು.

ಬೆಳಿಗ್ಗೆ ಓಡುವ ಮುನ್ನ ಬಾಳೆಹಣ್ಣು ಸಾಕು. ಓಡಿ ಬಂದ ಮೇಲೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ದೊಡ್ಡ ಲೋಟ ಹಾಲು: 20 ಗ್ರಾಂ ಆಯಿತು. ಮಧ್ಯಾಹ್ನದ ಡಬ್ಬಿಗೆ ಎರಡು ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಬಟ್ಟಲು ಮೊಸರು, ಇದೂ ಅಷ್ಟೇ. ರೊಟ್ಟಿಯಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಧಾರಾಳವಾಗಿದೆ. ಸಂಜೆ ಓಟ ಮುಗಿದ ಮೇಲೆ ಒಂದು ಹಿಡಿ ಹುರಿಗಡಲೆ, ಬೆಲ್ಲ: 6 ಗ್ರಾಂ. ರಾತ್ರಿ ಅನ್ನದ ಜೊತೆ 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ಗಟ್ಟಿ ಸಾಗು ಇದ್ದರೆ ಹತ್ತಿರ ಹತ್ತಿರ 20. ಮಲಗುವ ಮುನ್ನ ಒಂದು ಲೋಟ ಹಾಲು ಕುಡಿದರೆ ಲೆಕ್ಕ ಮುಟ್ಟುತ್ತದೆ.

ಎಡವುವುದು ಎರಡು ಕಡೆ. ಕಾಳು ತಿಂದು ಗಂಟೆಯೊಳಗೆ ಟ್ರ್ಯಾಕಿಗೆ ಇಳಿದರೆ ಹೊಟ್ಟೆ ಉಬ್ಬರಿಸುತ್ತದೆ, ಪಕ್ಕೆ ಹಿಡಿಯುತ್ತದೆ. ಓಡುವ ಮುಂಚೆ ಕಾಳು ಬೇಡ. ಇನ್ನೊಂದು ಹೆಚ್ಚು ಅಪಾಯದ್ದು: ಪ್ರೋಟೀನ್ ಹೆಚ್ಚಿಸುವ ಭರದಲ್ಲಿ ಅನ್ನ, ರೊಟ್ಟಿ ಕಡಿಮೆ ಮಾಡುವುದು. ಆಗ ಶಕ್ತಿ ಸಾಲದೆ ದೇಹ ಆ ಪ್ರೋಟೀನನ್ನೇ ಉರುವಲಾಗಿ ಸುಡುತ್ತದೆ. ತೂಕ ಇಳಿಯುತ್ತದೆ, ಕಾಲುನೋವು ದಿನಗಟ್ಟಲೆ ಹೋಗುವುದಿಲ್ಲ, ಬೆಳಿಗ್ಗೆ ಎದ್ದಾಗಿನ ನಾಡಿಬಡಿತ ಮಾಮೂಲಿಗಿಂತ ಏರಿರಬಹುದು. ಹುಡುಗಿಯ ಮುಟ್ಟು ತಪ್ಪತೊಡಗಿದರೆ ಓಟದ ಸುಸ್ತೆಂದು ಸುಮ್ಮನಿರಬೇಡಿ, ತರಬೇತಿ ತಗ್ಗಿಸಿ ವೈದ್ಯರಿಗೆ ತೋರಿಸಿ. ಹಾಗೆ ಹೋದಾಗ ಬಿ12, ಕಬ್ಬಿಣಾಂಶದ ರಕ್ತಪರೀಕ್ಷೆಯ ವಿಚಾರವನ್ನೂ ಕೇಳಿ. ಹಾಲು-ಮೊಸರು ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದನ್ನು ಯಾವ ಬೇಳೆಯೂ ತುಂಬಿಕೊಡುವುದಿಲ್ಲ.